ಕೈಗೆ 1 ಲಕ್ಷ ಬೇಕಿದ್ದರೆ 12 ಲಕ್ಷ ಕೇಳಬೇಡಿ

ಈಗಷ್ಟೇ ನಮ್ಮ ಜಗಲಿಯಲ್ಲಿ ಕೂತು ಅಕ್ಕನ ಮಗ ಫೋನಿನಲ್ಲಿ ಮಾತಾಡಿದ್ದು ಕೇಳಿ ತಲೆ ಬಿಸಿಯಾಗಿದೆ. ಬೆಂಗಳೂರಿನ ಒಂದು ಕಂಪನಿಯ ಎಚ್‌ಆರ್ "ಎಷ್ಟು ಎಕ್ಸ್‌ಪೆಕ್ಟ್ ಮಾಡ್ತೀರಿ?" ಅಂತ ಕೇಳಿದರು. ಹುಡುಗ ಹಿಂದೆಮುಂದೆ ನೋಡದೆ "12 ಲಕ್ಷ" ಅಂದುಬಿಟ್ಟ. ರೂಮಿನ ಬಾಡಿಗೆ, ತೋಟದ ಸಾಲದ ಕಂತು, ತಂಗಿಯ ಕಾಲೇಜು ಫೀಸು ಎಲ್ಲ ಸೇರಿಸಿ ತಿಂಗಳಿಗೆ 1 ಲಕ್ಷ ಕೈಗೆ ಬರಬೇಕು ಅಂತ ಅವನ ಲೆಕ್ಕ. ಅದನ್ನು 12 ತಿಂಗಳಿಗೆ ಗುಣಿಸಿದ, ಹೇಳಿದ.

ನಾನು ಇಷ್ಟು ವರ್ಷ ಪೇರೋಲ್ ಕೆಲಸ ಮಾಡಿದವಳು ಅಂತ ನಿಮಗೆಲ್ಲ ಗೊತ್ತಲ್ಲ. ಮನೆಯಲ್ಲೇ ಇದ್ದೇನೆ, ಒಂದು ಮಾತು ಕೇಳಬಾರದಿತ್ತಾ?

ಸೋಮವಾರಪೇಟೆಯಲ್ಲಿ ಚೆರಿ ಕಾಫಿ ಮಾರುವಾಗ ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಉಳಿಯುವ ಬೀಜ, ಎಷ್ಟು ಬರುತ್ತದೆ ಅಂತ ನೋಡದೆ ಯಾರಾದರೂ ಮೂಟೆಗೆ ರೇಟು ಒಪ್ಪಿಕೊಳ್ಳುತ್ತಾರಾ? ಹಾಗೆ ಒಂದೊಂದು ಕೆಜಿಗೂ ಲೆಕ್ಕ ಕೇಳುವ ಮನೆಯ ಮಕ್ಕಳೇ ವರ್ಷದ ಸಂಬಳವನ್ನು ಸಿಪ್ಪೆ ಸಮೇತ ಒಪ್ಪಿಕೊಂಡು ಬರುತ್ತಾರೆ.

ಕಂಪನಿಯವರು ಲೆಕ್ಕ ಹಿಡಿಯುವುದು ಸಿಟಿಸಿಯನ್ನು, ಅಂದರೆ ನಿಮಗಾಗಿ ಅವರು ವರ್ಷಕ್ಕೆ ಮಾಡುವ ಒಟ್ಟು ಖರ್ಚನ್ನು. ಅವನು ಹೇಳಿದ 12 ಲಕ್ಷದಲ್ಲಿ ಏನಾಗುತ್ತದೆ ನೋಡಿ. ಮೂಲ ವೇತನ, ಅಂದರೆ ಬೇಸಿಕ್, ಅದರ ಅರ್ಧ, 6 ಲಕ್ಷ ಅಂತ ಇಟ್ಟುಕೊಳ್ಳೋಣ. ಬೇಸಿಕ್‌ನ 12%, ಅಂದರೆ 72,000, ಕಂಪನಿಯ ಪಾಲಿನ ಪಿಎಫ್. ಅದೂ ಈ 12 ಲಕ್ಷದ ಒಳಗೇ ಸೇರಿದೆ. ಕೆಲಸ ಬಿಡುವಾಗ ಕೊಡುವ ಗ್ರಾಚುಟಿ ಹೆಸರಿನಲ್ಲಿ ಇನ್ನೊಂದು 29,000 ಹೋಗುತ್ತದೆ. ಆಮೇಲೆ ಅವನ ಪಾಲಿನ ಪಿಎಫ್ ಮತ್ತೆ 72,000, ಪ್ರೊಫೆಷನಲ್ ಟ್ಯಾಕ್ಸ್ ವರ್ಷಕ್ಕೆ 2,500. ಹೊಸ ಪದ್ಧತಿಯಲ್ಲಿ ಇಷ್ಟು ಆದಾಯಕ್ಕೆ ಆದಾಯ ತೆರಿಗೆ ಒಂದು ರೂಪಾಯಿಯೂ ಇಲ್ಲ. ಆದರೂ ತಿಂಗಳಿಗೆ ಕೈಗೆ ಬರುವುದು ಸುಮಾರು 85,400.

ಹಾಗಾದರೆ ಎಷ್ಟು ಕೇಳಬೇಕಿತ್ತು? ಇದನ್ನು ನೇರವಾಗಿ ಹಿಂದಕ್ಕೆ ಲೆಕ್ಕ ಹಾಕುವುದು ಕಷ್ಟ, ಯಾಕೆಂದರೆ ಪಿಎಫ್, ತೆರಿಗೆ ಎರಡೂ ನೀವು ಕೇಳುವ ಮೊತ್ತದ ಮೇಲೇ ನಿಂತಿವೆ. ಅಂದಾಜಿಗೆ ಒಂದು ಮೊತ್ತ ಹಿಡಿದು ಕೆಳಗಿಳಿಯಬೇಕು, ಕಡಿಮೆ ಬಂದರೆ ಏರಿಸಿ ಮತ್ತೆ ನೋಡಬೇಕು. 15 ಲಕ್ಷ ಹಿಡಿಯಿರಿ. ಬೇಸಿಕ್ 7.5 ಲಕ್ಷ. ಕಂಪನಿಯ ಪಿಎಫ್ 90,000, ಗ್ರಾಚುಟಿ 36,000 ಕಳೆದರೆ ಗ್ರಾಸ್ ಸುಮಾರು 13.74 ಲಕ್ಷ. ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ತೆಗೆದರೆ ತೆರಿಗೆ ಬೀಳುವ ಆದಾಯ 12.99 ಲಕ್ಷ. ಇದು 12 ಲಕ್ಷ ದಾಟಿದ್ದರಿಂದ ತೆರಿಗೆ ಮನ್ನಾ ಮಾಡುವ ರಿಬೇಟ್ ಸಿಗುವುದಿಲ್ಲ; 2025-26ರ ಸ್ಲ್ಯಾಬ್ ಪ್ರಕಾರ ಮೊದಲ 12 ಲಕ್ಷಕ್ಕೆ 60,000, ಮೇಲಿನದಕ್ಕೆ 15%, ಸೆಸ್ ಸೇರಿ ಒಟ್ಟು 77,800 ತೆರಿಗೆ. ಅವನ ಪಿಎಫ್ 90,000 ಮತ್ತು ಪ್ರೊಫೆಷನಲ್ ಟ್ಯಾಕ್ಸ್ ಕಳೆದರೆ ಉಳಿಯುವುದು 12.03 ಲಕ್ಷ. ತಿಂಗಳಿಗೆ 1 ಲಕ್ಷದ ಮೇಲೆ ಮುನ್ನೂರು ಚಿಲ್ಲರೆ. ಅಂದರೆ ಕೇಳಬೇಕಿದ್ದದ್ದು 15, ಕೇಳಿದ್ದು 12!

ಆದರೆ ನನ್ನ ನಿಜವಾದ ಸಿಟ್ಟು ಇನ್ನೊಂದು ಕಾರಣಕ್ಕೆ. ಪಿಎಫ್ ಪೂರ್ತಿ ಬೇಸಿಕ್ ಮೇಲೋ, ಅಥವಾ ಕಾನೂನಿನ ಮಿತಿಯಾದ ತಿಂಗಳಿಗೆ 15,000 ರೂಪಾಯಿ ಮೇಲೋ ಅಂತ ಯಾರೂ ಕೇಳುವುದೇ ಇಲ್ಲ. ಎಷ್ಟೋ ಕಂಪನಿಗಳು ಆ ಮಿತಿಯ ಮೇಲೆ ಮಾತ್ರ, ಅಂದರೆ ತಿಂಗಳಿಗೆ 1,800 ಕಟ್ಟುತ್ತವೆ, ನಮ್ಮಿಂದಲೂ ಅಷ್ಟೇ ಹಿಡಿಯುತ್ತವೆ. ಅಂಥ ಕಡೆ ಕೈಗೆ 1 ಲಕ್ಷ ಬರಲು 12.8 ಲಕ್ಷ ಸಾಕು. ತೆರಿಗೆ ಬೀಳುವ ಆದಾಯ 12 ಲಕ್ಷದ ಒಳಗೇ ಉಳಿಯುವುದರಿಂದ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ. ಅದೇ ಕೈಸಂಬಳ, ಕೇಳುವ ಮೊತ್ತದಲ್ಲಿ 2.2 ಲಕ್ಷ ವ್ಯತ್ಯಾಸ! ಇದು ಗೊತ್ತಿಲ್ಲದೆ ಬಾಯಿಗೆ ಬಂದ ಅಂಕಿ ಹೇಳಿದರೆ ಒಂದು ಕಡೆ ನಷ್ಟ, ಇನ್ನೊಂದು ಕಡೆ "ಜಾಸ್ತಿ ಕೇಳ್ತಾನೆ" ಅಂತ ಕೆಲಸವೇ ತಪ್ಪಬಹುದು.

"ಪಿಎಫ್ ಎಲ್ಲಿಗೂ ಹೋಗಲ್ಲ, ಅವನದೇ ದುಡ್ಡಲ್ವಾ ಚಿಕ್ಕಮ್ಮ?" ಅಂತ ಪಕ್ಕದ ಮನೆ ಹುಡುಗಿ ಕೇಳಿದಳು. ಅವನದೇ, ಒಪ್ಪಿದೆ. 15 ಲಕ್ಷದ ಲೆಕ್ಕದಲ್ಲಿ ಅವನ ಹೆಸರಿಗೆ ವರ್ಷಕ್ಕೆ 1.8 ಲಕ್ಷ ಜಮಾ ಆಗುತ್ತದೆ, ಒಳ್ಳೆಯದೇ. ಆದರೆ ಸೊಸೈಟಿಯವರು ಕಂತು ಕೇಳಲು ಬಂದಾಗ ಪಿಎಫ್ ಪಾಸ್‌ಬುಕ್ ತೋರಿಸಿದರೆ ಆಗುತ್ತದಾ? ನಮ್ಮಪ್ಪ ಆ ಕಂತಿಗಾಗಿ ಮೆಣಸನ್ನು ಬೆಲೆ ಬಿದ್ದಾಗಲೂ ಮಾರಿದ್ದನ್ನು ನೋಡಿ ಬೆಳೆದವಳು ನಾನು. ಈ ವಿಷಯಕ್ಕೆ ನನಗೆ ತಾಳ್ಮೆ ಕಡಿಮೆ.

ಈಗ ಅವನ ಕೈಯಲ್ಲಿ ಎಚ್‌ಆರ್‌ಗೆ ಮೇಲ್ ಬರೆಸಿದ್ದೇನೆ. ಬೇಸಿಕ್ ಶೇಕಡ ಎಷ್ಟು, ಪಿಎಫ್ ಪೂರ್ತಿಯೋ 1,800ರ ಮಿತಿಯೋ, ಕಂಪನಿಯ ಪಾಲು ಮತ್ತು ಗ್ರಾಚುಟಿ ಸಿಟಿಸಿಯ ಒಳಗೋ ಹೊರಗೋ, ಇವಕ್ಕೆ ಉತ್ತರ ಬಂದ ಮೇಲೆ ಮೊತ್ತ ಹೇಳುತ್ತೇನೆ ಅಂತ. ಜೊತೆಗೆ, ಹೇಳುವ ಮೊತ್ತ ಪೂರ್ತಿ ಫಿಕ್ಸೆಡ್ ಆಗಿರಬೇಕು, ಕೆಲಸ ನೋಡಿ ಕೊಡುವ ವೇರಿಯಬಲ್ ಏನಿದ್ದರೂ ಅದರ ಮೇಲೆ ಬೇರೆ ಅಂತಲೂ ಸೇರಿಸಿದ್ದೇನೆ. 15 ಲಕ್ಷ ಅಂದು ಅದರಲ್ಲಿ 10% ವೇರಿಯಬಲ್ ಇಟ್ಟರೆ ಫಿಕ್ಸೆಡ್ ಉಳಿಯುವುದು 13.5 ಮಾತ್ರ.