ಆರ್‌ಟಿಸಿ ಎಂದರೆ ಬಸ್ಸಿನವರ ಕಾಗದವಲ್ಲ

ಬೆಳೆ ಸಾಲದ ಬಗ್ಗೆ ರೈತರಿಗೆ ಹಂಚಲು ಸಿದ್ಧವಾಗಿದ್ದ ನಾಲ್ಕು ಪುಟಗಳ ಕರಪತ್ರವೊಂದು ಕಳೆದ ವಾರ ಕರಡು ತಿದ್ದಲು ನನ್ನ ಕೈಗೆ ಬಂತು. ತಲೆಬರಹ ‘ಬೆಳೆ ಸಾಲ: ಎಫ್‌ಎಕ್ಯೂಸ್‌ಗಳು’. ಮೊದಲ ಉತ್ತರ ಹೀಗಿತ್ತು: ‘ನಿಮ್ಮ ಎಲ್ಲಾ ಆರ್.ಟಿ.ಸಿ ಗಳನ್ನು ಮತ್ತು ಇಸಿ ತನ್ನಿ.’

ಪಕ್ಕದ ಮನೆಯ ಅಜ್ಜನಿಗೆ ಅದನ್ನು ಓದಲು ಕೊಟ್ಟೆ. ಐವತ್ತು ವರ್ಷ ಬೇಸಾಯ ಮಾಡಿದವರು. “ಆರ್‌ಟಿಸಿ ಎಂದರೆ ಬಸ್ಸಿನವರದ್ದಲ್ಲವೇನಪ್ಪಾ? ಸಾಲಕ್ಕೆ ಅವರ ಕಾಗದ ಯಾಕೆ?” ಎಂದು ಕೇಳಿದರು. ಪಹಣಿ ಎಂದಿದ್ದರೆ ಅವರು ಎದ್ದು ಹೋಗಿ ಪೆಟ್ಟಿಗೆಯಿಂದಲೇ ತಂದು ತೋರಿಸುತ್ತಿದ್ದರು.

ಸಂಕ್ಷೇಪಾಕ್ಷರವನ್ನು ಮೊದಲ ಸಲ ಬಳಸುವಾಗ ಪೂರ್ಣ ರೂಪ ಕೊಡಬೇಕು ಎಂಬ ನಿಯಮ ಹಲವು ಭಾಷೆಗಳಲ್ಲಿ ಇದೆ. ಕನ್ನಡದಲ್ಲಿ ಅದರ ಅಗತ್ಯ ಇನ್ನೂ ಹೆಚ್ಚು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಂಗ್ಲಿಷಿನಲ್ಲಿ ಓದುವವರಿಗೆ ಮೊದಲಕ್ಷರಗಳಿಂದ ಪದಗಳನ್ನು ಊಹಿಸುವ ದಾರಿಯಾದರೂ ಇರುತ್ತದೆ. ನಮ್ಮಲ್ಲಿ ಪೂರ್ಣ ರೂಪ ಕನ್ನಡದ್ದು, ಸಂಕ್ಷೇಪ ಇಂಗ್ಲಿಷಿನದು. ‘ಪಹಣಿ’ಯಲ್ಲಿ ಆರ್ ಇಲ್ಲ, ಟಿ ಇಲ್ಲ, ಸಿ ಇಲ್ಲ. ‘ಋಣಭಾರ ಪ್ರಮಾಣಪತ್ರ’ವನ್ನು ಎಷ್ಟು ಹಿಂಡಿದರೂ ಇಸಿ ಬರುವುದಿಲ್ಲ. ಚುನಾವಣೆ ಹತ್ತಿರವಿದ್ದರಂತೂ ಇಸಿ ಎಂದರೆ ಚುನಾವಣಾ ಆಯೋಗವೆಂದೇ ಓದುಗರ ಮನಸ್ಸು ಹೋಗುತ್ತದೆ. ಎರಡನ್ನೂ ಒಮ್ಮೆ ಜೊತೆಯಾಗಿ ತೋರಿಸದೆ ಬಿಟ್ಟರೆ ಓದುಗರಿಗೆ ಹಿಡಿಯಲು ಕೊಂಬೆಯೇ ಇಲ್ಲ.

ಹಾಗೆ ತೋರಿಸುವಾಗ ವಿಭಕ್ತಿ ಪ್ರತ್ಯಯವನ್ನು ಎಲ್ಲಿ ಇಡುವುದು ಎಂಬ ತೊಡಕು ಬರುತ್ತದೆ. ‘ಪಹಣಿ (ಆರ್‌ಟಿಸಿ)ಗಳನ್ನು’ ಎಂದು ಬರೆದರೆ ‘ಗಳನ್ನು’ ಆವರಣದ ಆಚೆ ಅನಾಥವಾಗಿ ನಿಲ್ಲುತ್ತದೆ. ‘ಪಹಣಿಗಳನ್ನು (ಆರ್‌ಟಿಸಿ)’ ಎಂದು ನಾನು ಬರೆಯುತ್ತೇನೆ. ಪ್ರತ್ಯಯ ಪೂರ್ಣ ರೂಪಕ್ಕೆ, ಆವರಣದೊಳಗೆ ಬರಿಯ ಸಂಕ್ಷೇಪ. ಮುಂದಿನ ಸಾಲಿನಿಂದ ‘ಆರ್‌ಟಿಸಿಗಳನ್ನು’ ಎಂದು ನಿಶ್ಚಿಂತೆಯಿಂದ ಬಳಸಬಹುದು.

ಬಹುವಚನದ ವಿಷಯ ಸರಳ. ಇಂಗ್ಲಿಷಿನವರು ಕೊನೆಗೆ ಎಸ್ ಸೇರಿಸುತ್ತಾರೆ, ನಾವು ‘ಗಳು’ ಸೇರಿಸುತ್ತೇವೆ. ‘ಎಫ್‌ಎಕ್ಯೂಸ್‌ಗಳು’ ಎಂದರೆ ಬಹುವಚನಕ್ಕೆ ಮತ್ತೊಂದು ಬಹುವಚನ. ‘ಎಫ್‌ಎಕ್ಯೂಗಳು’ ಸಾಕು. ಸಂಖ್ಯೆ ಜೊತೆಗಿದ್ದರೆ ‘ಗಳು’ ಕೂಡ ಬೇಕೆಂದೇನಿಲ್ಲ. ಹತ್ತು ಮರ ಎನ್ನುವ ಹಾಗೆ ‘ಮೂರು ಆರ್‌ಟಿಸಿ’ ಎನ್ನಬಹುದು.

ಇನ್ನು ಚುಕ್ಕಿ. ಕರಪತ್ರದಲ್ಲಿ ಆರ್.ಟಿ.ಸಿ., ಆರ್.ಟಿ.ಸಿ, ಆರ್‌ಟಿಸಿ, ಆರ್ಟಿಸಿ ಎಂಬ ನಾಲ್ಕೂ ರೂಪಗಳಿದ್ದವು. ಒಂದು ರೂಪವನ್ನು ಹುಡುಕಿ ತಿದ್ದಿದರೆ ಉಳಿದವು ತಪ್ಪಿಸಿಕೊಳ್ಳುತ್ತಿದ್ದವು. ಚುಕ್ಕಿ ಇಟ್ಟರೆ ಕೊನೆಯ ಚುಕ್ಕಿಯ ನಂತರ ಪ್ರತ್ಯಯ ಬರಬೇಕು. ಬೆರಳಚ್ಚು ಮಾಡುವವರು ಚುಕ್ಕಿ ಕಂಡೊಡನೆ ಅಭ್ಯಾಸಬಲದಿಂದ ಜಾಗ ಬಿಡುತ್ತಾರೆ, ‘ಗಳನ್ನು’ ಮುಂದಿನ ಸಾಲಿನ ತಲೆಗೆ ಹೋಗಿ ಕೂರುತ್ತದೆ. ಆದ್ದರಿಂದ ಇಂಗ್ಲಿಷ್ ಅಕ್ಷರಗಳ ಹೆಸರಿನಿಂದಾದ ಸಂಕ್ಷೇಪಗಳಿಗೆ ಚುಕ್ಕಿ ಬೇಡ ಎನ್ನುವವನು ನಾನು. ಆದರೆ ಚುಕ್ಕಿ ತೆಗೆದ ಮೇಲೆ ಅದು ಮಾಡುತ್ತಿದ್ದ ಒಂದು ಕೆಲಸವನ್ನು ಬೇರೆಯವರು ಮಾಡಬೇಕು. ‘ರ್’ ಮತ್ತು ‘ಟಿ’ ಪಕ್ಕಪಕ್ಕದಲ್ಲಿ ಬಂದರೆ ಗಣಕ ಅವನ್ನು ಒತ್ತಕ್ಷರವಾಗಿ ಕೂಡಿಸಿ, ಅರ್ಕಾವತ್ತು ಹಾಕಿ ‘ಆರ್ಟಿಸಿ’ ಮಾಡುತ್ತದೆ. ನಡುವೆ ಕಣ್ಣಿಗೆ ಕಾಣದ U+200C ಎಂಬ ಸಂಕೇತವನ್ನು ಇಟ್ಟರೆ ‘ಆರ್‌ಟಿಸಿ’ ಎಂದು ಬಿಡಿಯಾಗಿ ನಿಲ್ಲುತ್ತದೆ.

ಕನ್ನಡ ಬರಹದಲ್ಲಿ ಪದಗಳನ್ನೇ ಮೊಟಕು ಮಾಡಿದ ರೂಪಗಳಿಗೆ ಮಾತ್ರ ಚುಕ್ಕಿ ಇರಲೇಬೇಕು: ಕಿ.ಮೀ., ಕ್ರಿ.ಶ., ಸ.ನಂ. ಇವು ಅಕ್ಷರಗಳ ಹೆಸರಲ್ಲ, ಪದದ ತುಂಡುಗಳು; ಇಲ್ಲಿ ಪದ ಕತ್ತರಿಸಿದೆ ಎಂದು ಚುಕ್ಕಿಯೇ ಹೇಳಬೇಕು. ಅದೇ ಕರಪತ್ರದಲ್ಲಿ ‘2 ಎ 10 ಗುಂ’ ಎಂದಿತ್ತು. ಎರಡು ಎಕರೆ ಹತ್ತು ಗುಂಟೆ ಎಂದು ಅರ್ಥ. ನಮ್ಮ ರಾಜ್ಯದಲ್ಲಿ ‘2ಎ’ ಎಂದೊಡನೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರವರ್ಗ ನೆನಪಾಗುತ್ತದೆ. ಸಾಲದ ಅರ್ಜಿಯಲ್ಲಿ ಜಾತಿಯ ಕಾಲಂ ಕೂಡ ಇರುವಾಗ ಇದು ಸಣ್ಣ ವಿಷಯವಲ್ಲ. ‘2 ಎ. 10 ಗುಂ.’ ಎಂದು ತಿದ್ದಲು ಹೊರಟವನು, ಅಲ್ಲಿ ಬೇಕಾದಷ್ಟು ಜಾಗವಿದ್ದುದರಿಂದ ‘2 ಎಕರೆ 10 ಗುಂಟೆ’ ಎಂದೇ ಬರೆದೆ.

ತಲೆಬರಹದ ಎಫ್‌ಎಕ್ಯೂವನ್ನೂ ತೆಗೆದುಹಾಕಿದೆ. ನಾಲ್ಕು ಪುಟಗಳಲ್ಲಿ ಅದು ಮತ್ತೆಲ್ಲೂ ಬಂದಿರಲಿಲ್ಲ. ಒಂದೇ ಸಲ ಬರುವ ಪದಕ್ಕೆ ಸಂಕ್ಷೇಪವೇಕೆ? ಈಗ ಮೇಲೆ ‘ಬೆಳೆ ಸಾಲ: ಪದೇ ಪದೇ ಕೇಳುವ ಪ್ರಶ್ನೆಗಳು’ ಎಂದಿದೆ. ಕೆಳಗೆ ‘ನಿಮ್ಮ ಎಲ್ಲ ಜಮೀನುಗಳ ಪಹಣಿಗಳನ್ನು (ಆರ್‌ಟಿಸಿ) ಮತ್ತು ಋಣಭಾರ ಪ್ರಮಾಣಪತ್ರವನ್ನು (ಇಸಿ) ತನ್ನಿ’ ಎಂದಿದೆ. ನಿನ್ನೆ ಸಂಜೆ ಅಜ್ಜನಿಗೆ ಮತ್ತೆ ಕೊಟ್ಟೆ. ಓದಿ, “ಋಣಭಾರದ್ದು ಉಪನೋಂದಣಿ ಕಚೇರಿಯಲ್ಲಿ ಸಿಗುವುದು, ಅದನ್ನೂ ಒಂದು ಸಾಲು ಬರೆಯಪ್ಪಾ” ಎಂದರು. ಬರೆದಿದ್ದೇನೆ.