ಒಂದೇ ಪ್ರಶ್ನೆಗೆ ಎರಡು ಸರಿ ಉತ್ತರ: ಇಬ್ಬರಿಗೂ ಅಂಕ ಕೊಡಬೇಕೆ?

2024ರ ಮೇ 5ರಂದು ನಡೆದ ನೀಟ್ ಪರೀಕ್ಷೆಯ ಭೌತಶಾಸ್ತ್ರ ವಿಭಾಗದಲ್ಲಿ ಎರಡು ಹೇಳಿಕೆಗಳ ಪ್ರಶ್ನೆಯೊಂದಿತ್ತು. ಮೊದಲನೆಯದು, ಪರಮಾಣುವಿನಲ್ಲಿ ಧನ ಮತ್ತು ಋಣ ಆವೇಶಗಳು ಸಮನಾಗಿರುವುದರಿಂದ ಅದು ವಿದ್ಯುತ್ ತಟಸ್ಥ. ಎರಡನೆಯದು, ಪ್ರತಿಯೊಂದು ಧಾತುವಿನ ಪರಮಾಣುಗಳೂ ಸ್ಥಿರವಾಗಿದ್ದು ತಮ್ಮದೇ ವಿಶಿಷ್ಟ ರೋಹಿತವನ್ನು ಹೊರಸೂಸುತ್ತವೆ. ಎರಡೂ ಸರಿ ಎಂದವರು 2ನೇ ಆಯ್ಕೆಯನ್ನೂ, ಮೊದಲನೆಯದು ಮಾತ್ರ ಸರಿ ಎಂದವರು 4ನೇ ಆಯ್ಕೆಯನ್ನೂ ಗುರುತಿಸಿದರು. ಪರೀಕ್ಷೆ ನಡೆಸಿದ ಎನ್‌ಟಿಎ ಎರಡಕ್ಕೂ ಅಂಕ ಕೊಟ್ಟಿತು.

ಪರ: ಕೊಡಲೇಬೇಕು

2ನೇ ಆಯ್ಕೆಯನ್ನು ಗುರುತಿಸಿದ ಸುಮಾರು 4.20 ಲಕ್ಷ ಮಂದಿ ಊಹೆ ಮಾಡಿದವರೆಂದು ತಳ್ಳಿಹಾಕುವಂತಿಲ್ಲ. ಎನ್‌ಸಿಇಆರ್‌ಟಿಯ ಹಳೆಯ ಹನ್ನೆರಡನೇ ತರಗತಿ ಪುಸ್ತಕದಲ್ಲಿ ಎಲ್ಲ ಧಾತುಗಳ ಪರಮಾಣುಗಳೂ ಸ್ಥಿರ ಎಂದೇ ಅಚ್ಚಾಗಿತ್ತು. ಹೊಸ ಆವೃತ್ತಿಯಲ್ಲಿ ಅದು ‘ಬಹುತೇಕ ಧಾತುಗಳು’ ಎಂದಾಯಿತು. ಅಕ್ಕನದೋ ಅಣ್ಣನದೋ ಪುಸ್ತಕ ಓದಿ ಪರೀಕ್ಷೆಗೆ ಕೂತ ಮಕ್ಕಳಿಗೆ ಈ ತಿದ್ದುಪಡಿಯನ್ನು ಯಾರು ತಿಳಿಸಿದರು?

ಪುಸ್ತಕವನ್ನು ಬದಿಗಿಟ್ಟು ವಿಜ್ಞಾನವನ್ನೇ ಕೇಳೋಣ. ಪರಮಾಣುಗಳ ಅಧ್ಯಾಯ ಹೇಳುವ ಕಥೆ ರುದರ್‌ಫೋರ್ಡ್ ಮಾದರಿಯ ತೊಡಕಿನದು. ಬೀಜಕೇಂದ್ರವನ್ನು ಸುತ್ತುವ ಎಲೆಕ್ಟ್ರಾನ್ ಶಕ್ತಿಯನ್ನು ಹೊರಸೂಸುತ್ತ ಕ್ಷಣಮಾತ್ರದಲ್ಲಿ ಒಳಕ್ಕೆ ಕುಸಿಯಬೇಕಿತ್ತು. ಹಾಗಾಗುವುದಿಲ್ಲ ಏಕೆ ಎಂಬುದಕ್ಕೆ 1913ರಲ್ಲಿ ಬೋರ್ ಉತ್ತರ ಕೊಟ್ಟರು. ಅಲ್ಲಿ ‘ಸ್ಥಿರ’ ಎಂದರೆ ಎಲೆಕ್ಟ್ರಾನ್ ಕುಸಿಯದೆ ಉಳಿಯುವುದು. ಈ ಅರ್ಥದಲ್ಲಿ ಯುರೇನಿಯಂ ಪರಮಾಣುವೂ ಸ್ಥಿರವೇ, ಅದಕ್ಕೂ ವಿಶಿಷ್ಟ ರೋಹಿತವಿದೆ. ಅದರ ಬೀಜಕೇಂದ್ರ ಕ್ಷಯಿಸುತ್ತದೆ ಎಂಬುದು ಮುಂದಿನ ಅಧ್ಯಾಯದ ವಿಷಯ. ಯಾವ ಸ್ಥಿರತೆಯನ್ನು ಕೇಳುತ್ತಿದ್ದೇನೆಂದು ಪ್ರಶ್ನೆ ಬರೆದವರು ಹೇಳಲಿಲ್ಲ. ಅದರ ದಂಡವನ್ನು ವಿದ್ಯಾರ್ಥಿ ಏಕೆ ತೆರಬೇಕು?

1983ರ ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಡೆದದ್ದು ಇದೇ ದಿಕ್ಕಿನಲ್ಲಿ. ಕೀ ಉತ್ತರವನ್ನು ಸರಿಯೆಂದೇ ಭಾವಿಸಬೇಕು, ಆದರೆ ಮಕ್ಕಳು ಓದುವ ಪ್ರಮಾಣಿತ ಪಠ್ಯಗಳೇ ಅದನ್ನು ತಪ್ಪೆಂದು ತೋರಿಸಿದರೆ ಅವರನ್ನು ಶಿಕ್ಷಿಸುವುದು ಅನ್ಯಾಯ ಎಂದಿತು. ಒಂದಕ್ಕಿಂತ ಹೆಚ್ಚು ಆಯ್ಕೆಗಳು ಸರಿ ಎಂದು ಕಂಡರೆ, ಅವುಗಳಲ್ಲಿ ಯಾವುದನ್ನು ಗುರುತಿಸಿದವರಿಗೂ ಪೂರ್ಣ 4 ಅಂಕ ಎಂಬ ನಿಯಮ ಎನ್‌ಟಿಎಯ ಮಾಹಿತಿ ಪುಸ್ತಿಕೆಯಲ್ಲಿ ಮೊದಲೇ ಇತ್ತು. ಪರೀಕ್ಷೆಗೆ ಮುಂಚೆ ಕೊಟ್ಟ ಮಾತನ್ನು ಎನ್‌ಟಿಎ ಉಳಿಸಿಕೊಂಡಿತು ಅಷ್ಟೇ.

ವಿರೋಧ: ಕೊಡಬಾರದು

ಇಬ್ಬರಿಗೂ ಕೊಟ್ಟರೆ ಯಾರಿಗೂ ನಷ್ಟವಿಲ್ಲ ಎಂಬ ಭಾವನೆಯೇ ತಪ್ಪು. ನೀಟ್‌ನಲ್ಲಿ ಸರಿ ಉತ್ತರಕ್ಕೆ 4, ತಪ್ಪಿಗೆ ಮೈನಸ್ 1. ಆದ್ದರಿಂದ 2ನೇ ಆಯ್ಕೆಯನ್ನು ಸರಿ ಎಂದೊಡನೆ ಆ 4.20 ಲಕ್ಷ ಮಂದಿ ತಲಾ 5 ಅಂಕ ಮೇಲೇರಿದರು. 4ನೇ ಆಯ್ಕೆಯನ್ನು ಗುರುತಿಸಿದ್ದ 9.28 ಲಕ್ಷ ಮಂದಿಯ ಅಂಕ ಇದ್ದಲ್ಲೇ ಇತ್ತು, ರ‍್ಯಾಂಕ್ ಮಾತ್ರ ಹಿಂದೆ ಸರಿಯಿತು. ಅನುಮಾನ ಬಂದು ಪ್ರಶ್ನೆಯನ್ನೇ ಬಿಟ್ಟವರ ಸ್ಥಿತಿ ಇನ್ನೂ ಕೆಟ್ಟದ್ದು. ಹಳೆಯ ಪುಸ್ತಕವನ್ನೂ ಹೊಸದನ್ನೂ ಓದಿ, ಎರಡರ ನಡುವಿನ ಬಿರುಕನ್ನು ಕಂಡು, ಮೈನಸ್ ಅಂಕಕ್ಕೆ ಹೆದರಿ ಕೈಬಿಟ್ಟ ವಿದ್ಯಾರ್ಥಿ ಹೆಚ್ಚು ತಿಳಿದಿದ್ದಕ್ಕೇ ಸೊನ್ನೆ ಪಡೆದಂತಾಯಿತು. ಮೊದಲು ಪ್ರಕಟವಾದ ಫಲಿತಾಂಶದಲ್ಲಿ 720ಕ್ಕೆ 720 ಪಡೆದ 67 ಮಂದಿಯಲ್ಲಿ 44 ಮಂದಿ ಆ ಸಾಲಿಗೆ ಬಂದದ್ದು ಈ ಒಂದು ಪ್ರಶ್ನೆಯ ಬಲದಿಂದ.

ಎರಡನೇ ಹೇಳಿಕೆ ಸರಿಯೂ ಹೌದು ತಪ್ಪೂ ಹೌದು ಎಂದು ಒಪ್ಪಿದ ಕೀ ತನ್ನನ್ನೇ ಅಲ್ಲಗಳೆಯುತ್ತದೆ. ಸುಪ್ರೀಂ ಕೋರ್ಟ್ ಎತ್ತಿದ ಆಕ್ಷೇಪವೂ ಇದೇ. ಜುಲೈ 22ರಂದು ಅದು ಮೂವರು ತಜ್ಞರನ್ನು ನೇಮಿಸುವಂತೆ ದೆಹಲಿ ಐಐಟಿ ನಿರ್ದೇಶಕರಿಗೆ ಸೂಚಿಸಿತು. ಮರುದಿನವೇ ವರದಿ ಬಂತು: 4ನೇ ಆಯ್ಕೆಯೊಂದೇ ಸರಿ. ಬೋರ್ ಮಾದರಿಯ ಅರ್ಥವನ್ನು ಹಿಡಿದು ನಡೆಸುವ ವಾದ ಸೊಗಸಾದದ್ದೇ, ನಾನೂ ಅದನ್ನು ಹಗುರವಾಗಿ ಕಾಣಲಾರೆ. ಆದರೆ ಪ್ರಶ್ನೆಯಲ್ಲಿ ‘ಪ್ರತಿಯೊಂದು ಧಾತು’ ಎಂದಿತ್ತು, ಮತ್ತು ರೇಡಿಯಂ ತಾನಾಗಿಯೇ ಕ್ಷಯಿಸುತ್ತದೆ. ಹೊಸ ಆವೃತ್ತಿಯನ್ನೇ ಓದಿ ಎಂಬ ಸೂಚನೆಯೂ ಇತ್ತು.

ಪ್ರಶ್ನೆ ನಿಜಕ್ಕೂ ಅಸ್ಪಷ್ಟವಾಗಿದ್ದರೆ ಅದನ್ನು ಕಂಡುಹಿಡಿಯುವ ದಾರಿ ಪರೀಕ್ಷಕರ ಕೈಯಲ್ಲೇ ಇದೆ. ಒಟ್ಟು ಅಂಕದಲ್ಲಿ ಮೇಲಿರುವ ಶೇ 27ರಷ್ಟು ಮಂದಿಯನ್ನು ಬೇರೆ ಮಾಡಿ, ಅವರು ಯಾವ ಆಯ್ಕೆಗಳನ್ನು ಗುರುತಿಸಿದ್ದಾರೆಂದು ನೋಡುವುದು ಬಹಳ ಹಳೆಯ ಪದ್ಧತಿ. ಒಳ್ಳೆಯ ಪ್ರಶ್ನೆಯಲ್ಲಿ ಅವರು ಒಂದೇ ಕಡೆ ಗುಂಪಾಗುತ್ತಾರೆ. ಎರಡು ಆಯ್ಕೆಗಳಿಗೆ ಹೆಚ್ಚುಕಮ್ಮಿ ಸಮವಾಗಿ ಹಂಚಿಹೋದರೆ ದೋಷ ಪ್ರಶ್ನೆಯಲ್ಲೋ ಕೀಯಲ್ಲೋ ಇದೆ. ಕೀ ಅಂತಿಮಗೊಳ್ಳುವ ಮುಂಚೆಯೇ ಇದನ್ನು ನೋಡಿ, ದೋಷ ಕಂಡರೆ ಪ್ರಶ್ನೆಯನ್ನು ಲೆಕ್ಕದಿಂದಲೇ ತೆಗೆಯಬೇಕು. ಪರವಾದಿಗಳು ನೆನೆಯುವ ಕಾನ್ಪುರ ತೀರ್ಪು ಕೂಡ ಅಸ್ಪಷ್ಟ ಪ್ರಶ್ನೆಗೆ ಹೇಳಿದ ಮದ್ದು ಎರಡಕ್ಕೂ ಅಂಕ ಕೊಡುವುದಲ್ಲ. ತಡಮಾಡದೆ ಅದನ್ನು ಹೊರಗಿಟ್ಟು ಯಾರಿಗೂ ಅಂಕ ಕೊಡದಿರುವುದು. 2024ರಲ್ಲಿ ಹಾಗಾಗಲಿಲ್ಲ. ಜೂನ್ 4ರಂದು ಪ್ರಕಟವಾದ ಫಲಿತಾಂಶವನ್ನು ಜುಲೈ 26ರಂದು ತಿದ್ದಬೇಕಾಯಿತು, ಪೂರ್ಣಾಂಕ ಪಡೆದವರು 17ಕ್ಕೆ ಇಳಿದರು.