ಯೋಹಿಂಬಿನ್ ಪುಡಿಯ ಬಗ್ಗೆ ಒಂದು ಸ್ಪಷ್ಟನೆ

"ಸಿಟ್ರುಲಿನ್, ಅರ್ಜಿನಿನ್, ಯೋಹಿಂಬಿನ್ ಮೂರೂ ಸೇರಿಸಿ ತಗೊಂಡ್ರೆ ವಯಾಗ್ರದಷ್ಟೇ ಕೆಲಸ ಮಾಡುತ್ತೆ. ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲ."

ಇದು ಸರಿಯಲ್ಲ. ಮೊದಲೆರಡು ಅಮೈನೋ ಆಮ್ಲಗಳು, ಒಂದೇ ದಾರಿಯವು. ಅರ್ಜಿನಿನ್‌ನಿಂದ ದೇಹ ನೈಟ್ರಿಕ್ ಆಕ್ಸೈಡ್ ಮಾಡಿಕೊಳ್ಳುತ್ತದೆ. ಅದು ರಕ್ತನಾಳವನ್ನು ಸಡಿಲಿಸುತ್ತದೆ. ಆದರೆ ನುಂಗಿದ ಅರ್ಜಿನಿನ್‌ನ ದೊಡ್ಡ ಪಾಲು ಕರುಳು, ಲಿವರ್‌ನಲ್ಲೇ ಕರಗಿಹೋಗುತ್ತದೆ. ಸಿಟ್ರುಲಿನ್ ಅಲ್ಲಿಂದ ತಪ್ಪಿಸಿಕೊಂಡು ಕಿಡ್ನಿಯಲ್ಲಿ ಅರ್ಜಿನಿನ್ ಆಗುತ್ತದೆ.

2011ರ ಒಂದು ಪ್ರಯೋಗ ನೋಡಿ. ನಿಮಿರುವಿಕೆಯಲ್ಲಿ ಸೌಮ್ಯ ತೊಂದರೆಯಿದ್ದ 24 ಗಂಡಸರು ಒಂದು ತಿಂಗಳು ಔಷಧವಿಲ್ಲದ ಖಾಲಿ ಮಾತ್ರೆ, ಮುಂದಿನ ತಿಂಗಳು ದಿನಕ್ಕೆ 1.5 ಗ್ರಾಂ ಸಿಟ್ರುಲಿನ್ ತಗೊಂಡರು. ಪೂರ್ತಿ ಗಡಸುತನ ಬಂದವರು ಖಾಲಿ ಮಾತ್ರೆಯಲ್ಲಿ 2, ಸಿಟ್ರುಲಿನ್‌ನಲ್ಲಿ 12. ಆಶಾದಾಯಕವೇ, ಆದರೆ ಜನ ತುಂಬಾ ಕಡಿಮೆ. ಯಾವ ತಿಂಗಳು ಯಾವ ಮಾತ್ರೆ ಅಂತ ವೈದ್ಯರಿಗೆ ಗೊತ್ತಿತ್ತು. ತೀವ್ರ ತೊಂದರೆ ಇದ್ದವರ ಬಗ್ಗೆ ಇದು ಏನೂ ಹೇಳುವುದಿಲ್ಲ. ಅರ್ಜಿನಿನ್ ದಿನಕ್ಕೆ 1.5 ಗ್ರಾಂ ಕೊಟ್ಟ ಒಂದು ಪ್ರಯೋಗದಲ್ಲಿ ಖಾಲಿ ಮಾತ್ರೆಗಿಂತ ಲಾಭ ಕಾಣಲಿಲ್ಲ. ಪ್ರಮಾಣ ಜಾಸ್ತಿಯಾದರೆ ಹೊಟ್ಟೆನೋವು, ಭೇದಿ ಬರಬಹುದು.

ಯೋಹಿಂಬಿನ್ ಬೇರೆಯೇ ಜಾತಿ, ಆಫ್ರಿಕಾದ ಒಂದು ಮರದ ತೊಗಟೆಯಿಂದ ಬರುವಂಥದ್ದು. ಹಳೆಯ ಪ್ರಯೋಗಗಳಲ್ಲಿ ಸ್ವಲ್ಪ ಗುಣ ಕಂಡಿದೆ, ನಿಜ. ಆದರೆ ಅದು ಅಡ್ರಿನಲಿನ್ ಥರದ ಒತ್ತಡವನ್ನು ಏರಿಸುತ್ತದೆ. ಬಿಪಿ ಏರುತ್ತದೆ, ಎದೆ ಡವಡವ ಅನ್ನುತ್ತದೆ, ಗಾಬರಿ, ನಿದ್ರೆಗೇಡು. ಸಪ್ಲಿಮೆಂಟ್ ಡಬ್ಬಿಗಳನ್ನು ಪರೀಕ್ಷಿಸಿದಾಗ ಹಲವದರಲ್ಲಿ ಲೇಬಲ್ ಮೇಲೆ ಪ್ರಮಾಣವೇ ಇರಲಿಲ್ಲ, ಇಲ್ಲವೇ ಒಳಗಿದ್ದದ್ದಕ್ಕೆ ಅದು ಹೊಂದುತ್ತಿರಲಿಲ್ಲ. ಬಿಪಿ, ಹೃದಯದ ತೊಂದರೆ, ಆತಂಕದ ಕಾಯಿಲೆ ಇರುವವರು ಇದನ್ನು ಮುಟ್ಟಲೇಬಾರದು.

ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರು ಸಿಟ್ರುಲಿನ್, ಅರ್ಜಿನಿನ್ ಸೇರಿಸಿದರೆ ಬಿಪಿ ಕುಸಿಯಬಹುದು. ಅವರು ಮೊದಲು ವೈದ್ಯರನ್ನು ಕೇಳಲಿ.